ಗೋಡೆಯ ಎಡಕ್ಕೆ ಸಿಂಹ, ಬಲಕ್ಕೆ ಬರೀ ಬಳ್ಳಿ: ಇಸ್ಲಾಮಿಕ್ ಕಲೆಯಲ್ಲಿ ಗೊಂಬೆ ಯಾಕಿಲ್ಲ?

ಬರ್ಲಿನ್‌ನ ಇಸ್ಲಾಮಿಕ್ ಕಲೆಯ ಮ್ಯೂಸಿಯಂನಲ್ಲಿ ಒಂದು ಕಲ್ಲಿನ ಗೋಡೆ ಇದೆ, ಸುಮಾರು 33 ಮೀಟರ್ ಉದ್ದ, 5 ಮೀಟರ್ ಎತ್ತರ. ಜೋರ್ಡಾನ್ ಮರುಭೂಮಿಯಲ್ಲಿದ್ದ ಮ್‌ಶತ್ತಾ ಅನ್ನೋ ಅರಮನೆಯ ಮುಂಭಾಗ ಅದು. ಕ್ರಿ.ಶ. 740ರ ದಶಕದಲ್ಲಿ ಕಟ್ಟೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದು. 1903ರಲ್ಲಿ ಆಟೋಮನ್ ಸುಲ್ತಾನ ಅಬ್ದುಲ್ ಹಮೀದ್ ಅದನ್ನ ಜರ್ಮನಿಯ ಚಕ್ರವರ್ತಿಗೆ ಗಿಫ್ಟ್ ಕೊಟ್ಟುಬಿಟ್ಟ, ಹಾಗೆ ಅದು ಅಲ್ಲಿಗೆ ಬಂತು. ಗೋಡೆ ತುಂಬಾ ದೊಡ್ಡ ದೊಡ್ಡ ತ್ರಿಕೋನಗಳು, ಒಂದೊಂದರ ನಡುವೆ ಒಂದೊಂದು ಹೂವು, ಸುತ್ತ ದ್ರಾಕ್ಷಿ ಬಳ್ಳಿ ಎಷ್ಟು ಸೂಕ್ಷ್ಮವಾಗಿ ಕೆತ್ತಿದಾರೆ ಅಂದ್ರೆ ಕಲ್ಲೋ ಕಸೂತಿಯೋ ಗೊತ್ತಾಗಲ್ಲ.

ಈಗ ಇದನ್ನ ಸ್ವಲ್ಪ ನಿಧಾನಕ್ಕೆ ನೋಡಿ. ಬಾಗಿಲಿನ ಎಡಗಡೆ ಬಳ್ಳಿಗಳ ಮಧ್ಯೆ ಸಿಂಹ ಇದೆ, ಹಕ್ಕಿ ಇದೆ, ರೆಕ್ಕೆ ಇರೋ ವಿಚಿತ್ರ ಪ್ರಾಣಿಗಳಿವೆ, ಎರಡು ಪ್ರಾಣಿ ಎದುರುಬದುರು ನಿಂತು ಒಂದೇ ಪಾತ್ರೆಯಿಂದ ನೀರು ಕುಡೀತಿವೆ. ಬಲಗಡೆಗೆ ಬನ್ನಿ, ಅದೇ ತ್ರಿಕೋನ, ಅದೇ ಹೂವು, ಅದೇ ಬಳ್ಳಿ, ಆದ್ರೆ ಒಂದೇ ಒಂದು ಪ್ರಾಣಿ ಇಲ್ಲ. ಶಿಲ್ಪಿ ಸುಸ್ತಾದ್ನಾ? ಇಲ್ಲ. ಅರಮನೆಯ ನಕ್ಷೆ ತೆಗೆದು ನೋಡಿದ್ರೆ ಉತ್ತರ ಸಿಗುತ್ತೆ: ಬಲಗಡೆ ಗೋಡೆಯ ಹಿಂದೆ ಇದ್ದದ್ದು ಮಸೀದಿ.

ಇಸ್ಲಾಮಿಕ್ ಕಲೆ ಬಗ್ಗೆ ನನಗೆ ಗೊತ್ತಿರೋದನ್ನೆಲ್ಲ ಒಂದೇ ಫೋಟೋದಲ್ಲಿ ತೋರಿಸು ಅಂತ ಯಾರಾದ್ರೂ ಕೇಳಿದ್ರೆ ಈ ಗೋಡೇನೇ ತೋರಿಸ್ತೀನಿ. ಯಾಕಂದ್ರೆ ನಮ್ಮಲ್ಲಿ ಎಲ್ಲರೂ ಹೇಳೋ ಉತ್ತರ "ಅವರ ಧರ್ಮದಲ್ಲಿ ಚಿತ್ರ ಬರೆಯೋದು ನಿಷೇಧ" ಅನ್ನೋದು, ಅದು ಪೂರ್ತಿ ತಪ್ಪಲ್ಲ ಆದ್ರೆ ಪೂರ್ತಿ ಸರಿಯೂ ಅಲ್ಲ. ನಿಷೇಧ ಅಷ್ಟು ನೇರವಾಗಿದ್ದಿದ್ರೆ ಎಡಗಡೆ ಸಿಂಹ ಇರ್ತಿರ್ಲಿಲ್ಲ, ಏನೂ ನಿಯಮ ಇಲ್ದೇ ಹೋಗಿದ್ರೆ ಬಲಗಡೆಯೂ ಸಿಂಹ ಇರ್ತಿತ್ತು. ಅಲ್ಲಿ ಇದ್ದ ಪ್ರಶ್ನೆ ಚಿತ್ರ ಬರೀಬೋದಾ ಬೇಡ್ವಾ ಅನ್ನೋದಕ್ಕಿಂತ ಜಾಸ್ತಿ ಯಾವ ಚಿತ್ರ ಎಲ್ಲಿ ಇರ್ಬೋದು ಅನ್ನೋದು.

ಮೊದಲು ಧರ್ಮಗ್ರಂಥದ ವಿಷಯ ಮುಗಿಸಿಬಿಡೋಣ. ಕುರ್‌ಆನ್‌ನಲ್ಲಿ ಮೂರ್ತಿಪೂಜೆ ಬೇಡ ಅಂತ ಖಡಾಖಂಡಿತವಾಗಿ ಇದೆ, ಆದ್ರೆ ಮನುಷ್ಯರ ಅಥವಾ ಪ್ರಾಣಿಗಳ ಚಿತ್ರ ಬರೀಬೇಡಿ ಅಂತ ನೇರವಾದ ಒಂದು ಸಾಲೂ ಇಲ್ಲ. ಆ ಮಾತು ಬರೋದು ಹದೀಸ್‌ಗಳಲ್ಲಿ, ಅಂದ್ರೆ ಪ್ರವಾದಿ ಮುಹಮ್ಮದರ ಮಾತು ನಡೆಗಳ ಬಗ್ಗೆ ಜನ ನೆನಪಿಟ್ಟುಕೊಂಡು ಮುಂದಿನವರಿಗೆ ದಾಟಿಸಿದ ವರದಿಗಳು, ಆಮೇಲೆ ಸಂಗ್ರಹ ಆಗಿದ್ದು. ಅಲ್ಲಿ ಬರೋ ವಾದ ಬಹಳ ಸ್ವಾರಸ್ಯವಾಗಿದೆ. ಜೀವ ಇರೋದನ್ನ ಚಿತ್ರಿಸಿದವನಿಗೆ ಅಂತಿಮ ತೀರ್ಪಿನ ದಿನ "ನೀನು ಮಾಡಿದ್ದಕ್ಕೆ ಈಗ ಉಸಿರು ತುಂಬು" ಅಂತ ಹೇಳಲಾಗುತ್ತೆ, ಅವನ ಕೈಲಿ ಆಗಲ್ಲ. ತಕರಾರು ಇರೋದು ಚಿತ್ರದ ಅಂದಚೆಂದದ ಬಗ್ಗೆ ಅಲ್ಲ, ಸೃಷ್ಟಿ ಮಾಡೋ ಕೆಲಸ ಯಾರದ್ದು ಅನ್ನೋದರ ಬಗ್ಗೆ. ಅರೇಬಿಕ್‌ನಲ್ಲಿ ಚಿತ್ರಕಾರನಿಗೆ ಮುಸವ್ವಿರ್ ಅಂತಾರೆ, ಕುರ್‌ಆನ್‌ನಲ್ಲಿ ದೇವರ ಹೆಸರುಗಳಲ್ಲಿ ಒಂದು ಇದೇ ಪದ, ರೂಪ ಕೊಡುವವನು ಅನ್ನೋ ಅರ್ಥದಲ್ಲಿ. ಅವನ ಕೆಲಸಕ್ಕೆ ನೀನು ಪೈಪೋಟಿಗೆ ಇಳೀಬೇಡ ಅನ್ನೋದು ವಾದ.

ಇದರ ಜೊತೆಗೇ ಬರೋ ಎರಡು ಘಟನೆಗಳು ಕಲೆಯ ದಾರಿಯನ್ನ ತಿರುಗಿಸಿದ್ವು ಅನ್ಸುತ್ತೆ ನನಗೆ. ಒಂದು, ಪ್ರವಾದಿಯವರ ಪತ್ನಿ ಆಯಿಶಾ ಮನೇಲಿ ಚಿತ್ರಗಳಿರೋ ಪರದೆ ಕಟ್ಟಿದ್ರು, ಪ್ರವಾದಿ ಪ್ರಯಾಣದಿಂದ ಬಂದವರು ಅದನ್ನ ನೋಡಿ ಬೇಜಾರು ಮಾಡ್ಕೊಂಡ್ರು, ಆಗ ಆಯಿಶಾ ಅದನ್ನ ಕತ್ತರಿಸಿ ದಿಂಬು ಮಾಡಿದ್ರು, ದಿಂಬಿಗೆ ಅವರು ತಕರಾರು ಮಾಡ್ಲಿಲ್ಲ. ಅದೇ ಬಟ್ಟೆ! ಗೋಡೆ ಮೇಲೆ ಗೌರವದ ಜಾಗದಲ್ಲಿ ತೂಗಾಡ್ತಿದ್ರೆ ಒಂದು ಅರ್ಥ, ಒರಗಿ ಕೂರೋ ದಿಂಬಾದ್ರೆ ಇನ್ನೊಂದು. ಆಮೇಲಿನ ನ್ಯಾಯಶಾಸ್ತ್ರಜ್ಞರು ಇದನ್ನ ಹಿಡ್ಕೊಂಡು ಶತಮಾನಗಟ್ಟಲೆ ಚರ್ಚೆ ಮಾಡಿದಾರೆ, ನೆರಳು ಬೀಳೋ ಮೂರ್ತಿ ಬೇರೆಯಾ ಚಪ್ಪಟೆ ಚಿತ್ರ ಬೇರೆಯಾ, ತಲೆ ಇಲ್ಲದಿದ್ರೆ ಆಗುತ್ತಾ, ಕಾರ್ಪೆಟ್ ಮೇಲಿದ್ರೆ ಆಗುತ್ತಾ, ಹೀಗೆ. ಎಲ್ಲರೂ ಒಂದೇ ಉತ್ತರ ಕೊಟ್ಟಿಲ್ಲ.

ಇನ್ನೊಂದು ಘಟನೆ, ಒಬ್ಬ ಚಿತ್ರಕಾರ ಪ್ರವಾದಿಯವರ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಹತ್ರ ಬಂದು "ಸ್ವಾಮಿ, ನನ್ನ ಹೊಟ್ಟೆಪಾಡೇ ಈ ಕೈಕೆಲಸ, ನಾನೇನು ಮಾಡ್ಲಿ" ಅಂತ ಕೇಳ್ತಾನೆ. ಅವರು ಹದೀಸ್ ಹೇಳಿ ಅವನ ಮುಖ ಬಿಳಿಚಿಕೊಂಡಿದ್ದು ನೋಡಿ, ಮಾಡ್ಲೇಬೇಕು ಅಂತಿದ್ರೆ ಮರ ಬರಿ, ಜೀವ ಇಲ್ಲದ್ದನ್ನ ಬರಿ ಅಂತಾರೆ. ಕಲೆಯ ಇತಿಹಾಸದಲ್ಲಿ ಇಷ್ಟು ಪ್ರಾಕ್ಟಿಕಲ್ ಆದ ಸಲಹೆ ಇನ್ನೊಂದಿಲ್ಲ ಬಿಡಿ. ಮರ ಆಗುತ್ತೆ ಅಂದ್ರೆ ಬಳ್ಳಿ ಆಗುತ್ತೆ, ಎಲೆ ಆಗುತ್ತೆ, ಹೂ ಆಗುತ್ತೆ. ಗೆರೆ, ಕೋನ, ಅಕ್ಷರಕ್ಕಂತೂ ಯಾರ ತಕರಾರೂ ಇಲ್ಲ.

ಆದ್ರೂ ಇಸ್ಲಾಂ ಶುರುವಾದ ಸುಮಾರು ನೂರು ವರ್ಷದಲ್ಲೇ ಅರಮನೆಗಳ ಒಳಗೆ ಏನಿತ್ತು ಅಂತ ನೋಡಿದ್ರೆ ಆಶ್ಚರ್ಯ ಆಗುತ್ತೆ. ಜೋರ್ಡಾನ್‌ನಲ್ಲೇ ಕುಸೈರ್ ಅಮ್ರಾ ಅಂತ ಒಂದು ಸಣ್ಣ ಕಟ್ಟಡ ಇದೆ, ಉಮಯ್ಯದ್ ರಾಜಮನೆತನದವರು ಬೇಟೆ, ಸ್ನಾನ, ಮೋಜಿಗೆ ಅಂತ ಕಟ್ಟಿಸಿದ್ದು. ಅದರ ಗೋಡೆಗಳ ಮೇಲೆ ಸಂಗೀತಗಾರರು, ಸ್ನಾನ ಮಾಡ್ತಿರೋ ಬೆತ್ತಲೆ ಹೆಂಗಸರು, ಬೇಟೆ, ಸಾಲಾಗಿ ನಿಂತ ಆರು ರಾಜರು, ಬಿಸಿನೀರಿನ ಕೋಣೆಯ ಗುಮ್ಮಟದಲ್ಲಿ ರಾಶಿಚಕ್ರ, ಎಲ್ಲಾ ಇದೆ. ಗೋಡೆ ಕ್ಲೀನ್ ಮಾಡುವಾಗ 2012ರಲ್ಲಿ ಒಂದು ಬರಹ ಸಿಕ್ತು, ಅದರಲ್ಲಿ ವಲೀದ್ ಇಬ್ನ್ ಯಜೀದ್ ಅನ್ನೋ ಹೆಸರಿದೆ, ಮುಂದೆ 743ರಲ್ಲಿ ಖಲೀಫ ಆದವನು ಅವನೇ. ಮ್‌ಶತ್ತಾ ಕಟ್ಟಿಸಿದವನೂ ಅವನೇ ಅಂತ ಬಹಳ ಜನ ವಿದ್ವಾಂಸರು ಹೇಳ್ತಾರೆ. ಅಂದ್ರೆ ಸ್ನಾನಗೃಹದಲ್ಲಿ ಬೆತ್ತಲೆ ಚಿತ್ರ ಇಟ್ಟವನೇ ಮಸೀದಿಯ ಹೊರಗೋಡೆ ಮೇಲೆ ಒಂದು ಹಕ್ಕಿಯೂ ಬರದ ಹಾಗೆ ನೋಡ್ಕೊಂಡಿರ್ಬೋದು.

ಮಸೀದಿಯಲ್ಲಂತೂ ಶುರುವಿನಿಂದಲೂ ಬಹುಪಾಲು ಈ ಗೆರೆ ದಾಟಿಲ್ಲ. ದಮಾಸ್ಕಸ್‌ನ ದೊಡ್ಡ ಮಸೀದಿ 706ರಿಂದ 715ರ ಒಳಗೆ ಕಟ್ಟಿದ್ದು, ಗೋಡೆ ಮೇಲಿನ ಮೊಸಾಯಿಕ್‌ನಲ್ಲಿ ನದಿ ಹರೀತಿದೆ, ದೊಡ್ಡ ದೊಡ್ಡ ಮರಗಳಿವೆ, ಮನೆ, ಮಹಲು, ಸೇತುವೆ ಎಲ್ಲಾ ಇವೆ, ಆದ್ರೆ ಆ ಊರಲ್ಲಿ ಒಬ್ಬ ಮನುಷ್ಯ ಇಲ್ಲ. ಸೇತುವೆ ಮೇಲೆ ಯಾರೂ ದಾಟ್ತಿಲ್ಲ, ಕಿಟಕೀಲಿ ಯಾರೂ ಇಣುಕ್ತಿಲ್ಲ. ರೋಮನ್, ಬೈಜಾಂಟೈನ್ ಶೈಲಿಯ ಚಿತ್ರವನ್ನೇ ತಗೊಂಡು ಅದರಿಂದ ಜೀವಿಗಳನ್ನ ಮಾತ್ರ ಸೋಸಿ ತೆಗೆದಿದಾರೆ.

ಹಾಗಾದ್ರೆ ಅಕ್ಷರ ಯಾಕೆ ಬಂತು? ಚಿತ್ರ ಬಿಟ್ಟಿದ್ದಕ್ಕೆ ಖಾಲಿ ಜಾಗ ತುಂಬೋಕೆ ಬಂತು ಅನ್ಕೊಂಡ್ರೆ ತಪ್ಪಾಗುತ್ತೆ. ಇದಕ್ಕೆ ಒಂದು ನಾಣ್ಯದ ಕಥೆ ಹೇಳ್ತೀನಿ, ನನ್ನ ಪ್ರಕಾರ ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ.

ಅರಬರು ಸಿರಿಯಾ, ಇರಾಕ್, ಇರಾನ್ ಗೆದ್ದಾಗ ಅವರ ಹತ್ರ ಸ್ವಂತ ನಾಣ್ಯ ಇರ್ಲಿಲ್ಲ. ಇದ್ದ ನಾಣ್ಯಗಳನ್ನೇ ಮುಂದುವರಿಸಿದ್ರು. ಇರಾನ್ ಕಡೆ ಬೆಳ್ಳಿ ನಾಣ್ಯದ ಮೇಲೆ ಹಳೇ ಸಸಾನಿಯನ್ ರಾಜ ಖುಸ್ರೋನ ಮುಖ ಹಾಗೇ ಇತ್ತು, ಅಂಚಿನಲ್ಲಿ ಮಾತ್ರ "ಬಿಸ್ಮಿಲ್ಲಾ" ಅಂತ ಸೇರಿಸಿದ್ರು. ಸಿರಿಯಾ ಕಡೆ ಬೈಜಾಂಟೈನ್ ಚಿನ್ನದ ನಾಣ್ಯದ ಮಾದರಿ ಇಟ್ಕೊಂಡ್ರು, ಆದ್ರೆ ಅದರ ಮೇಲೆ ಮೆಟ್ಟಿಲ ಮೇಲೆ ನಿಂತ ಶಿಲುಬೆ ಇತ್ತಲ್ಲ, ಅದರ ಅಡ್ಡಪಟ್ಟಿ ತೆಗೆದುಬಿಟ್ರು, ಶಿಲುಬೆ ಹೋಗಿ ಬರೀ ಕಂಬ ಆಯ್ತು. ನೋಡೋಕೆ ತಮಾಷೆ ಅನ್ಸುತ್ತೆ ಆದ್ರೆ ವ್ಯಾಪಾರದಲ್ಲಿ ಜನ ನಂಬಬೇಕು ಅಂದ್ರೆ ನಾಣ್ಯ ಪರಿಚಿತವಾಗಿ ಕಾಣ್ಬೇಕು, ತುಂಬಾ ಬದಲಾಯಿಸೋ ಹಾಗಿಲ್ಲ.

690ರ ದಶಕದಲ್ಲಿ ಖಲೀಫ ಅಬ್ದುಲ್ ಮಲಿಕ್ ಇದನ್ನ ಕೈಗೆತ್ತಿಕೊಂಡ. ಮೊದಲು ಅವನು ಮಾಡಿದ್ದು ಎಲ್ಲ ರಾಜರೂ ಮಾಡೋದನ್ನೇ, ತನ್ನದೇ ಚಿತ್ರ ಹಾಕಿಸಿದ. ಗಡ್ಡ ಬಿಟ್ಟ ಖಲೀಫ, ಉದ್ದನೆಯ ಅಂಗಿ, ಕೈ ಕತ್ತಿ ಮೇಲೆ, ಸುತ್ತ ಅರೇಬಿಕ್ ಬರಹ. ಅತ್ತ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಜಸ್ಟಿನಿಯನ್ ಸರಿಸುಮಾರು ಅದೇ ಹೊತ್ತಿಗೆ ತನ್ನ ಚಿನ್ನದ ನಾಣ್ಯದ ಮೇಲೆ ಯೇಸುವಿನ ಮುಖವನ್ನೇ ಹಾಕಿಸಿದ. ಯಾರು ಯಾರಿಗೆ ಜವಾಬು ಕೊಟ್ರು ಅಂತ ನಾಣ್ಯತಜ್ಞರು ಇವತ್ತಿಗೂ ಜಗಳ ಆಡ್ತಾರೆ, ಅದಿರಲಿ. ಆದ್ರೆ ಇಕ್ಕಟ್ಟು ಅರ್ಥ ಮಾಡ್ಕೊಳ್ಳಿ: ಎದುರಾಳಿ ದೇವರ ಮುಖವನ್ನೇ ನಾಣ್ಯಕ್ಕೆ ತಂದಿದಾನೆ, ಅದರ ಪಕ್ಕ ನೀವು ಒಬ್ಬ ರಾಜನ ಚಿತ್ರ ಇಟ್ರೆ ಆ ಆಟದಲ್ಲಿ ನೀವು ಸೋತ ಹಾಗೇನೆ.

ಹಿಜರಿ 77ರಲ್ಲಿ, ಅಂದ್ರೆ 696-97ರಲ್ಲಿ, ಅಬ್ದುಲ್ ಮಲಿಕ್ ಆಟದ ನಿಯಮವನ್ನೇ ಬದಲಾಯಿಸಿದ. ಹೊಸ ದಿನಾರ್‌ನಲ್ಲಿ ಚಿತ್ರವೇ ಇಲ್ಲ, ಎರಡೂ ಕಡೆ ಬರೀ ಅಕ್ಷರ. ಒಂದು ಕಡೆ ದೇವರೊಬ್ಬನೇ, ಅವನಿಗೆ ಪಾಲುದಾರರಿಲ್ಲ ಅಂತ, ಇನ್ನೊಂದು ಕಡೆ ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ ಅನ್ನೋ ಕುರ್‌ಆನ್ ಸಾಲು. ಯೇಸು ದೇವರ ಮಗ ಅನ್ನೋ ನಾಣ್ಯಕ್ಕೆ ನೇರ ಉತ್ತರ ಅದು, ಚಿತ್ರಕ್ಕೆ ಚಿತ್ರ ಅಲ್ಲ, ಚಿತ್ರಕ್ಕೆ ವಾಕ್ಯ. ತೂಕ ಸುಮಾರು 4.25 ಗ್ರಾಂ ಅಂತ ಹೊಸದಾಗಿ ನಿಗದಿ ಮಾಡಿದ, ಹಳೇ ಬೈಜಾಂಟೈನ್ ನಾಣ್ಯಕ್ಕಿಂತ ಸ್ವಲ್ಪ ಕಮ್ಮಿ. ಆ ಚಿನ್ನದ ನಾಣ್ಯದ ಮೇಲೆ ಖಲೀಫನ ಹೆಸರೂ ಇಲ್ಲ ಅನ್ನೋದು ಗಮನಿಸಿ, ಇಸವಿ ಮಾತ್ರ ಇದೆ. ಅಲ್ಲಿಂದ ಮುಂದೆ ಶತಮಾನಗಟ್ಟಲೆ ಮುಸ್ಲಿಂ ದೊರೆಗಳ ನಾಣ್ಯ ಅಂದ್ರೆ ಬಹುಪಾಲು ಅಕ್ಷರದ ನಾಣ್ಯವೇ.

ಇದೇ ಅಬ್ದುಲ್ ಮಲಿಕ್ ಆಡಳಿತದ ಲೆಕ್ಕಪತ್ರವನ್ನ ಗ್ರೀಕ್, ಪರ್ಷಿಯನ್‌ನಿಂದ ಅರೇಬಿಕ್‌ಗೆ ಬದಲಾಯಿಸೋಕೆ ಶುರು ಮಾಡಿದ್ದು, ಜೆರುಸಲೇಮ್‌ನಲ್ಲಿ ಡೋಮ್ ಆಫ್ ದಿ ರಾಕ್ ಕಟ್ಟಿಸಿದ್ದೂ ಅವನೇ, ಒಳಗಿನ ಬರಹದಲ್ಲಿ ಹಿಜರಿ 72 ಅಂತ ಇದೆ, ಅಂದ್ರೆ 691-92. ಒಳಗಡೆ ಕಮಾನುಗಳ ಮೇಲೆ ಸುಮಾರು 240 ಮೀಟರ್ ಉದ್ದಕ್ಕೆ ಚಿನ್ನದ ಬಣ್ಣದ ಅಕ್ಷರಗಳು ಸುತ್ತಿ ಬರ್ತವೆ. ಗ್ರಂಥದವರೇ, "ಮೂರು" ಅನ್ನಬೇಡಿ, ಮರಿಯಮಳ ಮಗ ಈಸಾ ದೇವರ ದೂತ ಅಂತ ಅದರಲ್ಲಿದೆ. ಸ್ವಲ್ಪ ದೂರದಲ್ಲೇ ಕ್ರೈಸ್ತರ ಅತಿ ಪವಿತ್ರ ಚರ್ಚ್ ಇದೆ, ಊರಿನ ಬಹುಪಾಲು ಜನ ಆಗ ಕ್ರೈಸ್ತರೇ. ಕೆಳಗೆ ನಿಂತವರಿಗೆ ಅಷ್ಟು ಎತ್ತರದ ಬರಹ ಓದೋಕೆ ಕಷ್ಟ, ಎಷ್ಟೋ ಜನಕ್ಕೆ ಅರೇಬಿಕ್ ಬರ್ತಾನೂ ಇರ್ಲಿಲ್ಲ. ಆದ್ರೂ ಚರ್ಚ್‌ನಲ್ಲಿ ಸಂತರ ಚಿತ್ರ ಇರೋ ಜಾಗದಲ್ಲಿ ಇಲ್ಲಿ ಅಕ್ಷರ ಇದೆ ಅನ್ನೋದು ಓದು ಬರದವನಿಗೂ ಕಾಣುತ್ತೆ. ಕುರ್‌ಆನ್ ಅನ್ನೋದು ಮುಸ್ಲಿಮರಿಗೆ ದೇವರ ಸ್ವಂತ ಮಾತು, ಮೊದಲು ಬಂದ ಸಾಲುಗಳಲ್ಲೇ "ಲೇಖನಿಯಿಂದ ಕಲಿಸಿದವನು" ಅಂತ ಬರುತ್ತೆ. ದೇವರ ರೂಪ ತೋರ್ಸೋ ಹಾಗಿಲ್ಲ ಆದ್ರೆ ದೇವರ ಮಾತು ಕಣ್ಣಿಗೆ ಕಾಣೋ ಹಾಗೆ ಬರೀಬೋದು, ಹಾಗಾಗಿ ಅಕ್ಷರಕ್ಕೆ ಆ ಗೌರವ ಬಂತು.

ಗೌರವ ಬಂದ ಮೇಲೆ ಅಳತೆಯೂ ಬರ್ಬೇಕಲ್ಲ. ಬಾಗ್ದಾದ್‌ನಲ್ಲಿ ಇಬ್ನ್ ಮುಕ್ಲಾ ಅಂತ ಒಬ್ಬ ಇದ್ದ, ಮೂರು ಜನ ಖಲೀಫರಿಗೆ ವಜೀರ ಆಗಿದ್ದವನು, ರಾಜಕೀಯದಲ್ಲಿ ಸಿಕ್ಕಿ ಬಲಗೈ ಕತ್ತರಿಸಿಕೊಂಡು ಜೈಲಲ್ಲಿ 940ರಲ್ಲಿ ಸತ್ತ. ಅವನ ಹೆಸರಲ್ಲಿ ಹೇಳೋ ಪದ್ಧತಿ ಕೇಳೋಕೆ ಸುಲಭ. ಜೊಂಡಿನ ಕಡ್ಡಿ ಪೆನ್ನಿನ ತುದಿಯನ್ನ ಓರೆಯಾಗಿ ಕತ್ತರಿಸಿರ್ತಾರೆ, ಅದನ್ನ ಕಾಗದದ ಮೇಲೆ ಒತ್ತಿ ಎಳೆದ್ರೆ ಒಂದು ಸಣ್ಣ ವಜ್ರಾಕಾರದ ಚುಕ್ಕಿ ಬೀಳುತ್ತೆ. ಆ ಚುಕ್ಕಿನೇ ಅಳತೆಗೋಲು. ಅಲಿಫ್ ಅನ್ನೋ ನೆಟ್ಟಗಿನ ಅಕ್ಷರ ಇಷ್ಟು ಚುಕ್ಕಿ ಎತ್ತರ ಅಂತ ಗೊತ್ತು ಮಾಡ್ತಾರೆ, ಶೈಲಿ ಮೇಲೆ ಅದು ಐದೋ ಆರೋ ಏಳೋ ಆಗುತ್ತೆ, ಆಮೇಲೆ ಅಲಿಫ್‌ನ ವ್ಯಾಸ ಮಾಡ್ಕೊಂಡು ಒಂದು ವೃತ್ತ, ಉಳಿದ ಅಕ್ಷರಗಳ ಬಾಗು, ಹೊಟ್ಟೆ, ಬಾಲ ಎಲ್ಲಾ ಆ ವೃತ್ತ ಮತ್ತೆ ಚುಕ್ಕಿಗಳ ಲೆಕ್ಕದಲ್ಲಿ. ಪೆನ್ನು ದಪ್ಪ ಆದ್ರೆ ಚುಕ್ಕಿ ದೊಡ್ಡದಾಗುತ್ತೆ, ಜೊತೆಗೇ ಇಡೀ ಬರಹ ಅದೇ ಪ್ರಮಾಣದಲ್ಲಿ ಬೆಳೆಯುತ್ತೆ. ಅಂಗೈ ಅಗಲದ ಪುಟದಲ್ಲಿ ಬರೆದದ್ದನ್ನೇ ಪ್ರಮಾಣ ಕೆಡದ ಹಾಗೆ ಗುಮ್ಮಟದ ಸುತ್ತ ಬರೀಬೋದು. ಗುರು ಶಿಷ್ಯನ ಬರಹ ತಿದ್ದುವಾಗ ಅಕ್ಷರದ ಪಕ್ಕ ಚುಕ್ಕಿ ಇಟ್ಟು ತೋರಿಸ್ತಾರೆ, ನೋಡಪ್ಪಾ ನಿನ್ನ ಬಾಲ ಅರ್ಧ ಚುಕ್ಕಿ ಜಾಸ್ತಿ ಹೋಗಿದೆ ಅಂತ.

ಬಳ್ಳಿಯ ಕಥೆ ಬೇರೆ. ಈ ಬಳ್ಳಿ ವಿನ್ಯಾಸಕ್ಕೆ ಅರಬೆಸ್ಕ್ ಅನ್ನೋದು ಯುರೋಪಿನವರು ಇಟ್ಟ ಹೆಸರು, ಅರಬರದ್ದು ಅನ್ನೋ ಅರ್ಥ. ಆದ್ರೆ ಬಳ್ಳಿ ಮೂಲತಃ ಅರಬರದ್ದಲ್ಲ, ರೋಮನ್ನರ ದ್ರಾಕ್ಷಿ ಬಳ್ಳಿ, ಗ್ರೀಕರ ಅಕಾಂಥಸ್ ಎಲೆ, ಸಸಾನಿಯನ್ನರ ರೆಕ್ಕೆಯಂಥ ಎಲೆ, ಇವೇ ಅದರ ಅಪ್ಪ ಅಮ್ಮ. ಮ್‌ಶತ್ತಾ ಗೋಡೆ ಮೇಲೆ ಇನ್ನೂ ಇದು ದ್ರಾಕ್ಷಿ, ಇದು ಎಲೆ ಅಂತ ಗುರುತು ಹಿಡೀಬೋದು. ಸುಮಾರು ನೂರು ವರ್ಷ ಮುಂದೆ ಬನ್ನಿ, 836ರಲ್ಲಿ ಅಬ್ಬಾಸಿದ್ ಖಲೀಫರು ಇರಾಕ್‌ನಲ್ಲಿ ಸಾಮರ್ರಾ ಅನ್ನೋ ಹೊಸ ರಾಜಧಾನಿ ಕಟ್ಟಿದ್ರು, ಟೈಗ್ರಿಸ್ ನದಿಯುದ್ದಕ್ಕೂ ಹತ್ತಾರು ಕಿಲೋಮೀಟರ್, ಮಣ್ಣಿಟ್ಟಿಗೆಯ ಅರಮನೆಗಳು. ಅಷ್ಟು ಗೋಡೆಗೆ ಉಳಿ ಹಿಡ್ಕೊಂಡು ಎಲೆ ಎಲೆ ಕೆತ್ತುತ್ತಾ ಕೂತ್ರೆ ಜನ್ಮ ಸಾಲಲ್ಲ. ಅಲ್ಲಿನ ಒಂದು ಶೈಲಿಯಲ್ಲಿ ಗಾರೆಯನ್ನ ಅಚ್ಚಿನಲ್ಲಿ ಮೂಡಿಸಿದ್ರು. ಅಚ್ಚು ಬಿಡಿಸುವಾಗ ಗಾರೆ ಮುರೀಬಾರ್ದು ಅಂದ್ರೆ ಆಳವಾದ ನೆಟ್ಟಗಿನ ಕೊರೆತ ಇರ್ಬಾರ್ದು, ಅಂಚು ಓರೆಯಾಗಿ ಇಳಿಜಾರಾಗಿ ಇರ್ಬೇಕು, ಇಡ್ಲಿ ತಟ್ಟೆ ಗುಳಿ ಓರೆ ಇರೋದ್ರಿಂದ ಇಡ್ಲಿ ಸಲೀಸಾಗಿ ಏಳುತ್ತಲ್ಲ ಹಾಗೆ. ಆ ಓರೆಯಿಂದ ಒಂದು ವಿಚಿತ್ರ ಆಯ್ತು, ಒಂದು ಎಲೆಯ ಅಂಚೇ ಪಕ್ಕದ ಎಲೆಯ ಅಂಚು ಆಗಿಹೋಯ್ತು, ನಡುವೆ ಹಿನ್ನೆಲೆ ಅನ್ನೋದೇ ಉಳೀಲಿಲ್ಲ. ಯಾವುದು ಎಲೆ ಯಾವುದು ಖಾಲಿ ಜಾಗ ಹೇಳೋಕಾಗಲ್ಲ. ಬಳ್ಳಿ ನಿಸರ್ಗದಿಂದ ಬಿಡಿಸಿಕೊಂಡು ತನ್ನದೇ ವ್ಯಾಕರಣ ಹಿಡ್ಕೊಳ್ತು, ಮುಂದೆ ಒಂದು ಎಲೆಯ ತುದಿಯಿಂದಲೇ ಇನ್ನೊಂದು ಕಾಂಡ ಹೊರಡೋದು ಇದೆಯಲ್ಲ, ನಿಜವಾದ ಗಿಡದಲ್ಲಿ ಎಲ್ಲೂ ಆಗದ ಕೆಲಸ, ಅರಬೆಸ್ಕ್‌ನ ಗುರುತೇ ಅದಾಯ್ತು. ಅಲ್ಲಿ ಧರ್ಮದ ಜೊತೆ ಕೆಲಸದ ಅರ್ಜೆಂಟೂ ಸೇರಿತ್ತು ಅನ್ನೋದು ನನಗೆ ಬಹಳ ಇಷ್ಟ.

ಇನ್ನು ಜ್ಯಾಮಿತಿ. ಇಲ್ಲಿ ಸುಮ್ನೆ ವಿವರಿಸಿದ್ರೆ ಆಗಲ್ಲ, ಕೈಯಲ್ಲಿ ಮಾಡಿದ್ರೇನೇ ಗೊತ್ತಾಗೋದು. ಮಕ್ಕಳ ಜಾಮೆಟ್ರಿ ಬಾಕ್ಸ್ ತಗೊಳ್ಳಿ, ಕೈವಾರ ಮತ್ತೆ ಸ್ಕೇಲ್ ಸಾಕು, ಕೋನಮಾಪಕ ಬೇಡ. ಹಾಳೆ ಮೇಲೆ 8 ಸೆಂ.ಮೀ. ಚೌಕಗಳನ್ನ ಅಕ್ಕಪಕ್ಕ ಮೇಲೆಕೆಳಗೆ ನಾಲ್ಕು ಎಳೀರಿ. ಒಂದೊಂದು ಚೌಕದ ನಡುವಿನಿಂದ 4 ಸೆಂ.ಮೀ. ತ್ರಿಜ್ಯದ ವೃತ್ತ, ಅದು ಚೌಕದ ನಾಲ್ಕೂ ಬದಿಗೆ ಸರಿಯಾಗಿ ತಾಗುತ್ತೆ. ಈಗ ಕೇಂದ್ರದ ಮೂಲಕ ಅಡ್ಡ, ಉದ್ದ, ಎರಡು ಕರ್ಣ ಎಳೆದ್ರೆ ವೃತ್ತದ ಮೇಲೆ ಎಂಟು ಬಿಂದು ಸಿಕ್ಕವು. ಒಂದು ಬಿಟ್ಟು ಒಂದನ್ನ ಸೇರಿಸಿ, ಒಂದು ಚೌಕ ಬರುತ್ತೆ, ಉಳಿದ ನಾಲ್ಕನ್ನ ಸೇರಿಸಿ, ಇನ್ನೊಂದು ಚೌಕ ಓರೆಯಾಗಿ ಅದರ ಮೇಲೆ ಕೂರುತ್ತೆ. ಒಳಗಿನ ಗೆರೆಗಳನ್ನ ಅಳಿಸಿದ್ರೆ ಎಂಟು ಮೂಲೆಯ ನಕ್ಷತ್ರ. ನಾಲ್ಕೂ ಚೌಕದಲ್ಲಿ ಇದನ್ನೇ ಮಾಡಿ.

ಈಗ ನಾಲ್ಕು ನಕ್ಷತ್ರದ ಮಧ್ಯೆ ನೋಡಿ. ನೀವು ಎಳೆಯದೇ ಇದ್ದ ಇನ್ನೊಂದು ಆಕಾರ ಅಲ್ಲಿ ಕೂತಿದೆ, ನಾಲ್ಕು ಚೂಪು ತುದಿಯ ಕ್ರಾಸ್. ಸ್ಕೇಲ್ ಇಟ್ಟು ಅಳೀರಿ, ನಕ್ಷತ್ರಕ್ಕೆ 16 ಅಂಚು, ಕ್ರಾಸ್‌ಗೂ 16 ಅಂಚು, ಎಲ್ಲವೂ ಒಂದೇ ಉದ್ದ, ಹೆಚ್ಚುಕಮ್ಮಿ 1.66 ಸೆಂ.ಮೀ. ಗೋಡೆಗೆ ಹಾಕೋ ಹೆಂಚು ಮಾಡೋನಿಗೆ ಇದು ಹಬ್ಬ. ಎರಡೇ ಆಕಾರ ಇದ್ರೆ ಸಾಕು, ಎಷ್ಟು ದೊಡ್ಡ ಗೋಡೆಯನ್ನಾದ್ರೂ ಖಾಲಿ ಬಿಡದೆ ಮುಚ್ಚಬೋದು. ನಮ್ಮ ಚುಕ್ಕಿ ರಂಗೋಲಿ ಹಾಕಿ ಅಭ್ಯಾಸ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ, ಅಲ್ಲಿ ಚುಕ್ಕಿ ಮಾಡೋ ಕೆಲಸ ಇಲ್ಲಿ ಅಳಿಸಿಹೋದ ಚೌಕ ಮತ್ತೆ ವೃತ್ತ ಮಾಡುತ್ತೆ, ಮುಗಿದ ಮೇಲೆ ಅವು ಕಾಣಲ್ಲ.

ತಪ್ಪು ಎಲ್ಲಿ ಆಗುತ್ತೆ ಅಂದ್ರೆ ತುದಿಗಳಲ್ಲಿ. ಕೈವಾರ ಒಂದು ಮಿಲಿಮೀಟರ್ ಅಗಲ ಆದ್ರೂ ಪಕ್ಕದ ನಕ್ಷತ್ರದ ತುದಿ ಒಂದಕ್ಕೊಂದು ಹತ್ತಿ ಕೂರುತ್ತೆ, ಕಮ್ಮಿ ಆದ್ರೆ ಬಾಯಿ ಬಿಡುತ್ತೆ. ಹೆಂಚಲ್ಲಿ ಇನ್ನೂ ಕಷ್ಟ, ಗೂಡಲ್ಲಿ ಸುಟ್ಟಾಗ ಮಣ್ಣು ಕುಗ್ಗುತ್ತೆ, ಎಲ್ಲಾ ಒಂದೇ ಸಮ ಕುಗ್ಗಲ್ಲ. ಒಂದೊಂದು ಹೆಂಚಿಗೆ ಒಂದು ಮಿಲಿಮೀಟರ್ ಅಂತ ಇಟ್ಕೊಂಡ್ರೂ ಇಪ್ಪತ್ತು ಹೆಂಚು ದಾಟೋ ಹೊತ್ತಿಗೆ ಎರಡು ಸೆಂ.ಮೀ. ಜರುಗಿರುತ್ತೆ. ಅದಕ್ಕೇ ಕಟ್ಟಡಕ್ಕೆ ಹೋದಾಗ ನಕ್ಷತ್ರದ ಮಧ್ಯೆ ನೋಡಬೇಡಿ, ತುದಿ ತುದಿ ಸೇರೋ ಜಾಗ ನೋಡಿ, ಆಮೇಲೆ ಫಲಕದ ಮೂಲೆ ನೋಡಿ. ಒಳ್ಳೆ ಕುಶಲಕರ್ಮಿ ಆಗಿದ್ರೆ ಮೂಲೆಯಲ್ಲಿ ಸರಿಯಾಗಿ ಕಾಲು ನಕ್ಷತ್ರವೋ ಕಾಲು ಕ್ರಾಸೋ ಬಂದು ನಿಂತಿರುತ್ತೆ, ಎಲ್ಲೆಂದರಲ್ಲಿ ಕಡಿದ ಹಾಗೆ ಇರಲ್ಲ.

ಎಂಟರ ನಕ್ಷತ್ರ ಸುಲಭ, ಐದರದ್ದು ಹಠಮಾರಿ. ಸಮ ಪಂಚಭುಜದ ಕೋನ 108 ಡಿಗ್ರಿ, ಮೂರನ್ನ ಒಂದು ಬಿಂದು ಸುತ್ತ ಇಟ್ರೆ 324 ಆಗುತ್ತೆ, 36 ಡಿಗ್ರಿ ಸಂದು ಉಳೀತು, ನಾಲ್ಕನೇದು ಹಿಡಿಸಲ್ಲ. ಆ ಸಂದನ್ನ ತುಂಬೋಕೆ ಬೇರೆ ಆಕಾರಗಳನ್ನ ಹುಡುಕಬೇಕಾಯ್ತು, ಹತ್ತು ಭುಜದ್ದು, ಉದ್ದನೆಯ ಆರು ಭುಜದ್ದು, ಬೋ ಟೈ ಥರದ್ದು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಒಂದು ಹಳೇ ಸುರುಳಿ ಇದೆ, ಇಂಥ 114 ನಮೂನೆ ಅದರಲ್ಲಿದೆ, ಎಷ್ಟೋ ಕಡೆ ಪೂರ್ತಿ ವಿನ್ಯಾಸ ಬರೆದೇ ಇಲ್ಲ, ಪುನರಾವರ್ತನೆ ಆಗೋ ಒಂದು ತುಣುಕು ಮಾತ್ರ, ಕಾಗದದ ಮೇಲೆ ಶಾಯಿ ಇಲ್ಲದೆ ಗೀರಿದ ಸಹಾಯಕ ಗೆರೆಗಳ ಸಮೇತ. ಕೆಲಸ ಗೊತ್ತಿದ್ದೋನಿಗೆ ಅಷ್ಟು ಸಾಕು.

ಗಣಿತ ಗೊತ್ತಿದ್ದವರು ಕೈಕೆಲಸದವರ ಜೊತೆ ಕೂತು ಮಾತಾಡ್ತಿದ್ರು ಅನ್ನೋದಕ್ಕೂ ದಾಖಲೆ ಇದೆ. ಬಾಗ್ದಾದ್‌ನ ಗಣಿತಜ್ಞ ಅಬುಲ್ ವಫಾ ಅಲ್ ಬೂಜ್‌ಜಾನಿ, 998ರಲ್ಲಿ ತೀರಿಕೊಂಡವನು, ಕುಶಲಕರ್ಮಿಗಳಿಗೆ ಬೇಕಾಗೋ ಜ್ಯಾಮಿತಿ ಅಂತಲೇ ಒಂದು ಪುಸ್ತಕ ಬರೆದ. ಒಂದೇ ಅಳತೆಯ ಮೂರು ಚೌಕಗಳನ್ನ ಕತ್ತರಿಸಿ ಜೋಡಿಸಿ ಒಂದು ದೊಡ್ಡ ಚೌಕ ಮಾಡೋದು ಹೇಗೆ ಅನ್ನೋ ಪ್ರಶ್ನೆ ಅದರಲ್ಲಿ ಬರುತ್ತೆ. ಕುಶಲಕರ್ಮಿಗಳು ಮಾಡಿದ್ದು ಕಣ್ಣಿಗೆ ಸರಿ ಕಾಣುತ್ತೆ, ಆದ್ರೆ ಲೆಕ್ಕ ಹಾಕಿದ್ರೆ ತಪ್ಪು ಅಂತ ತೋರಿಸ್ತಾನೆ, ಗಣಿತದವರಿಗೂ ಬಿಡಲ್ಲ, ಇವರಿಗೆ ಗೆರೆಯ ಉದ್ದ ಗೊತ್ತು ಆದ್ರೆ ಕತ್ತರಿಸೋದು ಹೇಗಂತ ಗೊತ್ತಿಲ್ಲ ಅಂತಾನೆ. ಅಂಥ ಮಾತುಕತೆ ನಡೀತಿದ್ದ ಊರಲ್ಲಿ ಜ್ಯಾಮಿತಿ ಗೋಡೆಗೆ ಬರೋದು ಆಶ್ಚರ್ಯ ಏನಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಈ ಮುಗಿಯದ ನಕ್ಷತ್ರಗಳು ದೇವರ ಅನಂತತೆಯ ಸಂಕೇತ, ಒಂದು ಬಿಂದುವಿನಿಂದ ಎಲ್ಲಾ ಹೊರಡೋದು ಏಕದೇವತ್ವದ ಸಂಕೇತ ಅಂತ ಬಹಳ ಕಡೆ ಓದ್ತೀರಿ. ಕೇಳೋಕೆ ಚೆನ್ನಾಗಿದೆ, ನೋಡುವಾಗ ಹಾಗೆ ಅನ್ನಿಸೋದೂ ನಿಜ, ಆದ್ರೆ ಬಹುಪಾಲು ಅದು 20ನೇ ಶತಮಾನದ ಬರಹಗಾರರು ಕೊಟ್ಟ ವ್ಯಾಖ್ಯಾನ. ಅಬುಲ್ ವಫಾ ಪುಸ್ತಕದಲ್ಲಿ ಇರೋದು ಕೈವಾರ, ಮೂಲೆಮಟ್ಟ, ಕತ್ತರಿಸೋ ರೀತಿ.

ಈ ಆಕಾರಗಳ ಒಳಗೆ ಏನು ತುಂಬಬೇಕು ಅನ್ನೋದನ್ನ ಮಾತ್ರ ಮತ್ತೆ ಜಾಗವೇ ನಿರ್ಧಾರ ಮಾಡ್ತಿತ್ತು. ಇರಾನ್‌ನ ವರಾಮಿನ್‌ನಲ್ಲಿ ಇಮಾಮ್‌ಜಾದಾ ಯಹ್ಯಾ ಅನ್ನೋ ಸಮಾಧಿ ಇದೆ, ಅಲ್ಲಿದ್ದ ಹೊಳಪಿನ ಹೆಂಚುಗಳು ನಾವು ಈಗ ಎಳೆದ ಅದೇ ನಕ್ಷತ್ರ ಮತ್ತೆ ಕ್ರಾಸ್, ನಕ್ಷತ್ರ ಒಂದೊಂದು ಸುಮಾರು 30 ಸೆಂ.ಮೀ. ಅಗಲ, 1262-63ರ ದಿನಾಂಕ ಅವುಗಳ ಮೇಲೇ ಇದೆ. ಒಳಗೆ ಬಳ್ಳಿ, ಎಲೆ, ಅಂಚಿನಲ್ಲಿ ಕುರ್‌ಆನ್ ಸಾಲು. ಹತ್ತು ಹದಿನೈದು ವರ್ಷ ಬಿಟ್ಟು 1270ರ ದಶಕದಲ್ಲಿ ಮಂಗೋಲ್ ದೊರೆ ಅಬಾಖಾ ಇರಾನ್‌ನದೇ ತಖ್ತೆ ಸುಲೈಮಾನ್‌ನಲ್ಲಿ ಬೇಸಿಗೆ ಅರಮನೆ ಕಟ್ಟಿಸ್ತಾನೆ, ಅಲ್ಲಿಗೂ ನಕ್ಷತ್ರ ಮತ್ತೆ ಕ್ರಾಸ್ ಹೆಂಚು ಹಾಕ್ತಾರೆ, ಒಳಗೆ ಡ್ರ್ಯಾಗನ್, ಸೀಮುರ್ಗ್ ಹಕ್ಕಿ, ಓಡೋ ಪ್ರಾಣಿಗಳು. ಅದೇ ಚೌಕಟ್ಟು, ಒಳಗಿನ ಸರಕು ಬೇರೆ. ಮ್‌ಶತ್ತಾ ಗೋಡೆಯ ಎಡ ಬಲವೇ ಮತ್ತೆ. ಹಾಗಂತ ನಿಯಮ ಎಲ್ಲಾ ಕಡೆ ಚಾಚೂ ತಪ್ಪದೆ ನಡೀತು ಅಂತಲ್ಲ, ಧಾರ್ಮಿಕ ಕಟ್ಟಡದ್ದು ಅಂತ ಹೇಳೋ ಹೆಂಚುಗಳಲ್ಲೂ ಅಲ್ಲೊಂದು ಇಲ್ಲೊಂದು ಮೊಲ, ಜಿಂಕೆ ಇಣುಕಿದ್ದಿದೆ. ಪುಸ್ತಕದೊಳಗೆ, ಅಂದ್ರೆ ರಾಜರು ಕೈಯಲ್ಲಿ ಹಿಡಿದು ನೋಡೋ ಹಸ್ತಪ್ರತಿಗಳಲ್ಲಿ, ಪರ್ಷಿಯಾದಿಂದ ಮೊಗಲರವರೆಗೆ ಮನುಷ್ಯರ ಚಿತ್ರ ಧಾರಾಳವಾಗಿ ಇದೆ.

ಇದನ್ನ ನೋಡೋಕೆ ಬರ್ಲಿನ್‌ಗೇ ಹೋಗ್ಬೇಕಿಲ್ಲ, ವಿಜಯಪುರಕ್ಕೆ ಹೋಗಿ. ಇಬ್ರಾಹಿಂ ರೋಜಾದಲ್ಲಿ ಸಮಾಧಿ ಕೋಣೆಯ ಕಿಟಕಿಗಳ ಜಾಲಂದ್ರ ಹತ್ತಿರದಿಂದ ನೋಡಿ, ಅದು ಬರೀ ಜಾಲರಿ ಅಲ್ಲ, ಕಲ್ಲನ್ನ ಅರೇಬಿಕ್ ಅಕ್ಷರಗಳಾಗಿ ಕೊರೆದಿದಾರೆ, ಬೆಳಕು ಒಳಗೆ ಬರೋದು ಅಕ್ಷರಗಳ ಸಂದಿಯಿಂದ. ಆಮೇಲೆ ಜಾಮಿಯಾ ಮಸೀದಿಗೆ ಬನ್ನಿ, ಮುಹಮ್ಮದ್ ಆದಿಲ್ ಶಾ 1636ರಲ್ಲಿ ಮಾಡಿಸಿದ ಚಿನ್ನದ ಬಣ್ಣದ ಮಿಹ್ರಾಬ್ ಇದೆ, ಮಕ್ಕಾ ದಿಕ್ಕು ತೋರಿಸೋ ಗೂಡು. ಅದರ ಮೇಲೆ ಗೂಡುಗಳಲ್ಲಿ ಜೋಡಿಸಿಟ್ಟ ಪುಸ್ತಕ, ಹೂದಾನಿ, ಬಳ್ಳಿ, ಬರಹ, ಎಲ್ಲಾ ಚಿತ್ರಿಸಿದಾರೆ, ಯಾರೋ ಈಗಷ್ಟೇ ಪುಸ್ತಕ ಇಟ್ಟು ಎದ್ದು ಹೋದ ಹಾಗಿದೆ, ಆದ್ರೆ ಜೀವ ಇರೋದು ಒಂದೂ ಇಲ್ಲ. ಅಲ್ಲಿಂದ ಆಸಾರ್ ಮಹಲ್‌ಗೆ ಹೋಗಿ, ಅದೇ ದೊರೆ ಕಟ್ಟಿಸಿದ್ದು, ಆಮೇಲೆ ಪ್ರವಾದಿಯವರ ಕೂದಲನ್ನ ಅಲ್ಲಿ ಇಟ್ರು ಆದ್ರೆ ಕಟ್ಟಿಸುವಾಗ ನ್ಯಾಯ ಕೇಳೋ ದರ್ಬಾರಿಗೆ ಅಂತ ಕಟ್ಟಿಸಿದ್ದು. ಮೇಲಂತಸ್ತಿನ ಗೋಡೆ ಮೇಲೆ ಮಾಸಿಹೋದ ಬಣ್ಣದಲ್ಲಿ ಗಿಡ, ಹೂದಾನಿಗಳ ಜೊತೆ ಮನುಷ್ಯರೂ ನಿಂತಿದಾರೆ.